ಸಂತೆ ಪುಟದ ಮೇಕೆ

ಅಕ್ಕ ಬರೆದ ಚಿತ್ರಗಳನ್ನು ತಂಗಿ ಕತ್ತರಿಸುವುದು ಆ ಮನೆಯಲ್ಲಿ ಹೊಸದೇನಲ್ಲ. ಇನ್ನೂ ಅಕ್ಷರ ಬಾರದ ವಯಸ್ಸಿನಲ್ಲೇ ತಂಗಿ ಅಕ್ಕನ ಡ್ರಾಯಿಂಗ್ ಪುಸ್ತಕದ ರಾಜ, ಕುದುರೆ, ಬಾತುಕೋಳಿಗಳನ್ನೆಲ್ಲ ಅಮ್ಮನ ಹೊಲಿಗೆ ಕತ್ತರಿಯಿಂದ ಕತ್ತರಿಸಿ ನೆಲದ ಮೇಲೆ ಓಡಾಡಿಸಿದ್ದಳು. ಅಕ್ಕ ಆವತ್ತು ಅತ್ತು ಕರೆದು ರಂಪ ಮಾಡಿದ್ದಳು. ಈಗ ಅಕ್ಕನಿಗೆ ಐವತ್ತು ದಾಟಿತ್ತು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದರಲ್ಲಿ ಆಕೆಯದು ಎತ್ತಿದ ಕೈ. ತಂಗಿ ಅದೇ ಕತ್ತರಿಸಿ ಓಡಾಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದಳು. ಇಬ್ಬರೂ ಒಂದೇ ಊರಿನಲ್ಲಿದ್ದರೂ ಒಟ್ಟಿಗೆ ಕೆಲಸ ಮಾಡಿದ್ದಿಲ್ಲ. ಮಾಡದಿರುವುದೇ ಕ್ಷೇಮ ಎಂದು ಇಬ್ಬರಿಗೂ ಗೊತ್ತಿತ್ತು.

ಆದರೆ ಅಕ್ಕನ ಹೊಸ ಪುಸ್ತಕ ಚೆನ್ನಾಗಿ ಓಡಿತು. ಹುಡುಗಿಯೊಬ್ಬಳು ಸಂತೆಯಲ್ಲಿ ತನ್ನ ಮೇಕೆಯನ್ನು ಕಳೆದುಕೊಂಡು ಹುಡುಕುವ ಕಥೆ ಅದು. ಪ್ರಕಾಶಕಿಗೆ ಅದನ್ನು ಮೋಷನ್ ಕಾಮಿಕ್ ಮಾಡಿಸುವ ಆಸೆ ಹುಟ್ಟಿತು. ಮೋಷನ್ ಕಾಮಿಕ್ ಎಂದರೆ ಪೂರ್ತಿ ಕಾರ್ಟೂನ್ ಸಿನಿಮಾ ಅಲ್ಲ. ಪುಸ್ತಕದ ಚಿತ್ರಗಳೇ ಪರದೆಯ ಮೇಲೆ ಬರುತ್ತವೆ. ಅವನ್ನು ಪದರ ಪದರವಾಗಿ ಬಿಡಿಸಿ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾರೆ, ಕ್ಯಾಮೆರಾ ಚಿತ್ರದ ಮೇಲೆ ನಿಧಾನವಾಗಿ ಸರಿಯುತ್ತದೆ, ಮಾತಿನ ಗುಳ್ಳೆಗಳು ಒಂದೊಂದಾಗಿ ಮೂಡುತ್ತವೆ, ಜೊತೆಗೆ ಸದ್ದು ಸೇರುತ್ತದೆ. ಆ ಊರಿನಲ್ಲಿ ಈ ಕೆಲಸ ನೆಟ್ಟಗೆ ಬಲ್ಲವಳು ತಂಗಿಯೊಬ್ಬಳೇ. ಪ್ರಕಾಶಕಿ ಅವಳ ಹತ್ತಿರವೇ ಬಂದರು.

"ನನಗೇನೂ ತೊಂದರೆ ಇಲ್ಲ ಮೇಡಂ. ಅವಳನ್ನ ಕೇಳಿ," ಎಂದಳು ತಂಗಿ.

"ಅವರನ್ನ ಕೇಳಿದೆ. 'ನನಗೇನೂ ತೊಂದರೆ ಇಲ್ಲ, ಅವಳನ್ನ ಕೇಳಿ' ಅಂದ್ರು," ಎಂದು ಪ್ರಕಾಶಕಿ ನಕ್ಕರು.

ತಂಗಿಯ ಸ್ಟುಡಿಯೋ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ತಂಗಿಯ ಮೇಜು, ದೊಡ್ಡ ಪರದೆ, ಕಿಟಕಿ ಪಕ್ಕ ಅಮ್ಮನ ಬೆತ್ತದ ಕುರ್ಚಿ. ಇನ್ನೊಂದರ ಗೋಡೆಗೆಲ್ಲ ಹಳೆ ಹಾಸಿಗೆಯ ಸ್ಪಂಜು ಬಡಿದು ಸದ್ದಿನ ಕೋಣೆ ಮಾಡಿದ್ದರು. ಅದರ ಒಡೆಯ ಸದ್ದಣ್ಣ. ಆತನ ನಿಜವಾದ ಹೆಸರು ಕರೆಂಟ್ ಬಿಲ್ಲು ಕೊಡಲು ಬರುವವನಿಗೂ ಮರೆತುಹೋಗಿತ್ತು. ಮಿತಭಾಷಿ ಮನುಷ್ಯ. ಕೆಳಗೆ ರಿಪೇರಿಯವನು ಸುತ್ತಿಗೆ ಹಿಡಿದರೆ ಸದ್ದಣ್ಣ ಮೈಕು ಕೆಳಗಿಡುತ್ತಿದ್ದ. ಅವನು ಊಟಕ್ಕೆ ಎದ್ದರೆ ಈತ ಊಟ ಬಿಟ್ಟು ರೆಕಾರ್ಡಿಂಗಿಗೆ ಕೂರುತ್ತಿದ್ದ. ಅಮ್ಮ ಬೆಳಗ್ಗೆ ತಂಗಿಯ ಜೊತೆಗೇ ಬಂದು ಸಂಜೆ ಅವಳ ಜೊತೆಗೇ ಮನೆಗೆ ಹೋಗುತ್ತಿದ್ದರು. ಅವರ ಕಣ್ಣಿನ ನಡುವಿನ ನೋಟ ಮಾಸಿಹೋಗಿ ಅಂಚಿನದಷ್ಟೇ ಉಳಿದಿತ್ತು. ಎದುರಿಗೆ ನಿಂತವರ ಮುಖ ಕಾಣದು, ಪಕ್ಕದಲ್ಲಿ ಹಾರಿದ ನೊಣ ಕಾಣುತ್ತದೆ. ಒಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ.

ಅಕ್ಕ ತನ್ನ ಮೂಲ ಚಿತ್ರಗಳನ್ನು ರಟ್ಟಿನ ಫೈಲಿನಲ್ಲಿಟ್ಟು ಬಟ್ಟೆ ಸುತ್ತಿ ತಂದಳು.

"ನೀರು ತಾಗಬಾರದು. ಬೆರಳು ತಾಗಬಾರದು. ಕತ್ತರಿ ಅಂತೂ..."

"ಕಂಪ್ಯೂಟರಲ್ಲಿ ಕತ್ತರಿಸ್ತೀನಿ ಕಣೇ. ನಿನ್ನ ಕಾಗದಕ್ಕೆ ಏನೂ ಆಗಲ್ಲ."

"ಎಲ್ಲಿ ಕತ್ತರಿಸಿದ್ರೂ ಕತ್ತರಿಸಿದ್ದೇ," ಎಂದಳು ಅಕ್ಕ.

ಕೆಲಸ ಶುರುವಾಯಿತು. ತಂಗಿ ಪ್ರತಿ ಚಿತ್ರವನ್ನೂ ಬಹಳ ದೊಡ್ಡದಾಗಿ ಸ್ಕ್ಯಾನ್ ಮಾಡಿದಳು. ಇಲ್ಲದಿದ್ದರೆ ಕ್ಯಾಮೆರಾ ಹತ್ತಿರ ಹೋದಾಗ ಚಿತ್ರ ಒಡೆದು ಮಸುಕಾಗುತ್ತದೆ. ಆಮೇಲೆ ಆಕಾಶ ಒಂದು ಪದರ, ದೂರದ ಮನೆಗಳು ಒಂದು, ಅಂಗಡಿಗಳು ಒಂದು, ಜನ ಒಂದು, ತೀರ ಮುಂದಿನ ಬುಟ್ಟಿಗಳು ಒಂದು, ಹೀಗೆ ಬಿಡಿಸಿದಳು. ಮನುಷ್ಯನನ್ನು ಎತ್ತಿದರೆ ಹಿಂದಿನ ಗೋಡೆಯಲ್ಲಿ ಮನುಷ್ಯನಾಕಾರದ ತೂತು ಬೀಳುತ್ತದೆ. ಅದಕ್ಕೆ ಗೋಡೆ ಬಳಿಯಬೇಕು. ಕ್ಯಾಮೆರಾ ಸರಿದಾಗ ಹತ್ತಿರದ ಪದರ ಬೇಗ, ದೂರದ್ದು ನಿಧಾನವಾಗಿ ಸರಿಯಬೇಕು, ಬಸ್ಸಿನ ಕಿಟಕಿಯಲ್ಲಿ ಕಂಡಂತೆ. ಆಗ ಚಪ್ಪಟೆ ಚಿತ್ರಕ್ಕೆ ಆಳ ಬರುತ್ತದೆ. ಮೊದಮೊದಲು ಜಲವರ್ಣದ ಕಾಗದದ ಒರಟು ಕೂಡ ಜನರ ಜೊತೆ ಜಾರತೊಡಗಿ, ಎಲ್ಲರೂ ಮರಳುಕಾಗದ ಉಟ್ಟುಕೊಂಡು ನಡೆದ ಹಾಗೆ ಕಂಡಿತು. ತಂಗಿ ಚಿತ್ರದಿಂದ ಆ ಒರಟನ್ನು ಆದಷ್ಟು ಅಳಿಸಿದಳು. ಖಾಲಿ ಕಾಗದವನ್ನೇ ಸ್ಕ್ಯಾನ್ ಮಾಡಿ ಎಲ್ಲದರ ಮೇಲೆ ಅಲುಗದ ಪದರವಾಗಿ ಹಾಸಿದಳು. ಸರಿಹೋಯಿತು.

ಸದ್ದಣ್ಣ ಸಂತೆಯ ಗುಜುಗುಜು ತಂದ, ಛತ್ರಿ ಬಿಚ್ಚಿದ ಸದ್ದು ತಂದ. ಮೇಕೆ ಕಾಗದ ತಿನ್ನುವ ಸದ್ದಿಗೆ ಮೈಕಿನ ಮುಂದೆ ಕೋಸಿನ ಎಲೆ ಹರಿದ. ಕಾಗದವನ್ನೇ ಹರಿದರೆ ಕಾಗದದ ಹಾಗೆ ಕೇಳಿಸುವುದಿಲ್ಲವಂತೆ.

ಎಲ್ಲ ಪುಟಗಳಿಗಿಂತ ದೊಡ್ಡದು ಸಂತೆಯ ಪುಟ. ಪುಸ್ತಕದಲ್ಲಿ ಎರಡೂ ಪುಟ ತುಂಬ ಹರಡಿದ ಒಂದೇ ಚಿತ್ರ. ಮಡಕೆಯವಳು, ಕ್ಷೌರದವನು, ಛತ್ರಿ ರಿಪೇರಿಯವನು, ಹಗ್ಗದ ಮೇಲೆ ತೂಗುಬಿಟ್ಟ ಬಟ್ಟೆಗಳು, ನಡುವೆ ಕಕ್ಕಾಬಿಕ್ಕಿಯಾಗಿ ನಿಂತ ಹುಡುಗಿ. ಮೇಕೆ ಬಲಗಡೆ ಕೆಳಮೂಲೆಯಲ್ಲಿ ತೂಗುವ ಹಳದಿ ಬಟ್ಟೆಯ ಹಿಂದೆ ಅರ್ಧ ಮರೆಯಾಗಿ, ಯಾರದೋ ಟೋಪಿ ಮೇಯುತ್ತಿರುತ್ತದೆ. ತಂಗಿ ಅದಕ್ಕೆ ಜೀವ ತೇಯ್ದಳು. ಕ್ಯಾಮೆರಾ ಎಡತುದಿಯಿಂದ ಹೊರಟು, ಒಬ್ಬೊಬ್ಬರ ಹತ್ತಿರವೂ ಚೂರು ತಡೆದು, ಬಲಕ್ಕೆ ಸರಿದು, ಕೆಳಗಿಳಿದು ಮೇಕೆಯ ಮುಖಕ್ಕೇ ನುಗ್ಗುತ್ತಿತ್ತು. ನುಗ್ಗುವ ಮುಂಚೆಯೇ ಕೊರಳ ಗಂಟೆ ಟಿಣ್ ಎನ್ನುತ್ತಿತ್ತು. ಪ್ರಕಾಶಕಿ ನೋಡಿ ಚಪ್ಪಾಳೆ ತಟ್ಟಿದರು.

ಅಕ್ಕ ಚಪ್ಪಾಳೆ ತಟ್ಟಲಿಲ್ಲ. "ಇನ್ನೊಂದ್ಸಲ ಹಾಕು," ಎಂದಳು. ತಂಗಿ ಹಾಕಿದಳು.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ಹುಡುಕೋ ಕೆಲಸಾನೂ ನೀನೇ ಮಾಡಿಬಿಟ್ಟೆಯಲ್ಲೇ. ಮಕ್ಕಳಿಗೇನು ಉಳಿಸಿದೆ?"

"ಅಂದ್ರೆ?"

"ಪುಸ್ತಕದಲ್ಲಿ ಈ ಪುಟದ ಮೇಲೆ ಮಕ್ಕಳು ಬಗ್ಗಿ ಕೂತುಬಿಡ್ತಾರೆ. ಒಬ್ಬ ಮೊದಲು ಛತ್ರಿ ನೋಡ್ತಾನೆ, ಇನ್ನೊಬ್ಬಳು ಮಡಕೆ ನೋಡ್ತಾಳೆ. ಸಿಕ್ಕಿದಾಗ ಎಂಥಾ ಕೂಗು ಹಾಕ್ತಾರೆ ಗೊತ್ತಾ? ನೀನು ಕತ್ತು ಹಿಡಿದು ತಿರುಗಿಸಿ 'ಅಗೋ ಮೇಕೆ' ಅಂತ ತೋರಿಸಿಬಿಟ್ಟೆ."

"ಇದು ಪುಸ್ತಕ ಅಲ್ಲ ಅಕ್ಕ. ಪರದೆ ಮೇಲೆ ಹೊತ್ತು ಓಡ್ತಾ ಇರತ್ತೆ. ಕ್ಯಾಮೆರಾ ಸುಮ್ಮನೆ ನಿಂತ್ರೆ ಜನ ಕೆಟ್ಟುಹೋಯ್ತು ಅಂತಾರೆ."

"ಹಾಗಾದ್ರೆ ಪುಸ್ತಕವಾಗಿಯೇ ಇರಲಿ ಬಿಡು. ಚಿತ್ರ ಅಂದ್ಮೇಲೆ ನಿಂತಿರಬೇಕು. ನಾನು ಬರೆದಿದ್ದೇ ನಿಂತ ಚಿತ್ರ."

ಮಾತಿಗೆ ಮಾತು ಬೆಳೆಯಿತು. ಹದಿನೆಂಟು ದಿನದ ಕೆಲಸ ನಿನಗೆ ಕಣ್ಣಿಗೇ ಕಾಣಲ್ಲ ಎಂದು ತಂಗಿ ಕೂಗಿದಳು, ನಾನು ಆ ಒಂದು ಪುಟಕ್ಕೆ ಇಡೀ ಬೇಸಿಗೆ ಕೂತಿದ್ದೆ ಎಂದು ಅಕ್ಕ ಕೂಗಿದಳು. ಬೆತ್ತದ ಕುರ್ಚಿಯಿಂದ ಅಮ್ಮ, "ಇಬ್ಬರಿಗೂ ಬುದ್ಧಿ ಬರೋದು ನಾನು ಹೋದ ಮೇಲೇನೇ," ಎಂದರು. ಸದ್ದಣ್ಣ ಮೆಲ್ಲಗೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕ ಫೈಲು ಕಂಕುಳಲ್ಲಿಟ್ಟುಕೊಂಡು, "ಹಾಗೇ ಬಿಡೋದಾದ್ರೆ ನನ್ನ ಹೆಸರು ತೆಗೆದುಬಿಡು," ಎಂದು ಮೆಟ್ಟಿಲಿಳಿದು ಹೋದಳು.

ಎರಡು ದಿನ ತಂಗಿ ಉಳಿದ ಪುಟಗಳ ಕೆಲಸ ಮಾಡಿಕೊಂಡು ಮುಖ ಊದಿಸಿಕೊಂಡಿದ್ದಳು. ಅಕ್ಕನ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಅದು ತಪ್ಪು ಮಾತಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ಮೂರನೆಯ ದಿನ ಅವಳು ಸಂತೆ ಪುಟ ತೆರೆದು ಕ್ಯಾಮೆರಾದ ಓಡಾಟವನ್ನೆಲ್ಲ ಅಳಿಸಿದಳು. ಇಡೀ ಸಂತೆ ಒಮ್ಮೆಲೇ ಕಾಣುವಂತೆ ದೂರದಲ್ಲಿ ನಿಲ್ಲಿಸಿ ನೋಡಿದಳು. ಹೆದರಿದ್ದಂತೆಯೇ ಆಯಿತು.

ಸದ್ದಣ್ಣ ಬಾಗಿಲಲ್ಲಿ ಇಣುಕಿ, "ಹ್ಯಾಂಗ್ ಆಗಿದೆ ಅನ್ಸತ್ತೆ, ಮತ್ತೆ ಆನ್ ಮಾಡಿ," ಎಂದ.

"ಆಗಿಲ್ಲ. ಇದೇ ಶಾಟ್."

"ಓ," ಎಂದು ಆತ ಗಡ್ಡ ಕೆರೆದುಕೊಂಡ.

ಕ್ಯಾಮೆರಾ ನಿಲ್ಲಲಿ, ಸಂತೆ ನಿಲ್ಲುವುದು ಬೇಡ ಎಂದುಕೊಂಡಳು ತಂಗಿ. ತೂಗುವ ಬಟ್ಟೆಗಳನ್ನು ಒಂದೊಂದೇ ಬಿಡಿಸಿ ಗಾಳಿಗೆ ಅಲ್ಲಾಡುವಂತೆ ಮಾಡಿದಳು. ಕ್ಷೌರದವನ ತೋಳನ್ನು ಭುಜದಲ್ಲಿ ಕತ್ತರಿಸಿ, ಅಲ್ಲಿಗೇ ಕೀಲು ಕೊಟ್ಟು ಕತ್ತರಿ ಆಡಿಸಿದಳು. ಮಡಕೆ ಕೊಳ್ಳಲು ಬಂದವಳ ಕೈ ಮಡಕೆ ತಟ್ಟುವಂತೆ ಮಾಡಿದಳು. ಚಹಾ ಒಲೆಯ ಹೊಗೆಯನ್ನು ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಮರುಕಳಿಸಿದಳು. ಎಲ್ಲವೂ ಒಂದೇ ತಾಳಕ್ಕೆ ಅಲ್ಲಾಡಿದರೆ ಕವಾಯತು ಆಗಿಬಿಡುತ್ತದೆಂದು ಒಂದೊಂದಕ್ಕೂ ಬೇರೆ ಬೇರೆ ಲಯ ಕೊಟ್ಟಳು. ಸದ್ದಣ್ಣ ಆಯಾ ಸದ್ದನ್ನು ಆಯಾ ಜಾಗದಿಂದ ಬರುವಂತೆ ಹೊಂದಿಸಿದ. ಕ್ಷೌರದ ಕತ್ತರಿ ಎಡದ ಸ್ಪೀಕರಿನಿಂದ, ಛತ್ರಿ ನಡುವಿನಿಂದ, ಗಂಟೆ ಬಲದ ಸ್ಪೀಕರಿನಿಂದ. ಗಂಟೆ ಜೋರಾಗಿರಲಿಲ್ಲ. ಗುಜುಗುಜಿನ ನಡುವೆ ಒಮ್ಮೆ, ಆಮೇಲೆ ಸ್ವಲ್ಪ ತಡೆದು ಇನ್ನೊಮ್ಮೆ.

ತಂಗಿ ಅದನ್ನು ಮತ್ತೆ ಮತ್ತೆ ಓಡಿಸುತ್ತಿದ್ದಾಗ ಹಿಂದಿನಿಂದ ಅಮ್ಮ ಕೇಳಿದರು: "ಬಟ್ಟೆ ಒಣಗಾಕಿದ್ದಾರಾ?"

ತಂಗಿ ಕಿಟಕಿಯತ್ತ ನೋಡಿದಳು. ಹೊರಗೆ ಎಲ್ಲೂ ಬಟ್ಟೆ ಇರಲಿಲ್ಲ.

"ಎಲ್ಲಮ್ಮಾ?"

"ನಿನ್ನ ಪೆಟ್ಟಿಗೆಯಲ್ಲಿ. ಹಳದಿದು. ಪಟಪಟ ಅಂತಿದೆಯಲ್ಲ."

ಅಮ್ಮ ಪರದೆಗೆ ಮುಖ ಕೊಟ್ಟಿರಲಿಲ್ಲ. ಗೋಡೆಯ ಕಡೆ ತಿರುಗಿ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಅಕ್ಕನ ಹೊಸ ಪುಸ್ತಕ ಬಂದಾಗಲೆಲ್ಲ ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಹಾಳೆ ಸವರಿ, "ಚೆನ್ನಾಗಿದೆ ಮಗಾ" ಎನ್ನುತ್ತಿದ್ದರು. ಏನೂ ಕಾಣುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ನಿಂತ ಚಿತ್ರ ಅವರಿಗೆ ಬರಿ ಮಂಜು. ಅಲ್ಲಾಡಿದ್ದು ಅಂಚಿನಲ್ಲಿ ಸಿಕ್ಕಿಬೀಳುತ್ತಿತ್ತು.

"ಇನ್ನೇನು ಕಾಣ್ತಿದೆ?" ತಂಗಿ ಕುರ್ಚಿ ತಿರುಗಿಸಿ ಕೇಳಿದಳು.

"ಆ ಕಡೆ ಯಾರೋ ಕೈ ಆಡಿಸ್ತಿದ್ದಾನೆ. ಕ್ಷೌರದವನಾ? ಕತ್ತರಿ ಸದ್ದು ಬರ್ತಿದೆ. ಹೊಗೆ ಏಳ್ತಿದೆ." ಅಷ್ಟರಲ್ಲಿ ಗಂಟೆ ಟಿಣ್ ಎಂದಿತು. ಅಮ್ಮ ಬಟಾಣಿ ಸುಲಿಯುತ್ತಿದ್ದ ಕೈಯನ್ನೇ ಚಾಚಿ ಬಲಮೂಲೆಗೆ ತೋರಿಸಿದರು. "ಆ ಹಳದಿ ಬಟ್ಟೆ ಹಿಂದೆ ಏನೋ ಇದೆ ನೋಡು. ಮೇಕೆ ಅಲ್ವಾ?"

ಸದ್ದಣ್ಣ ಬಾಗಿಲಲ್ಲೇ ನಿಂತಿದ್ದ. ಆತ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

ತಂಗಿ ಆ ಮಧ್ಯಾಹ್ನವೇ ಅಕ್ಕನಿಗೆ ಫೋನು ಮಾಡಿದಳು. ಅಮ್ಮನ ವಿಷಯ ಹೇಳಲಿಲ್ಲ. ಹೇಳಿದರೆ ಅಮ್ಮನನ್ನು ಅಡ್ಡ ಇಟ್ಟುಕೊಂಡು ಜಗಳ ಗೆದ್ದ ಹಾಗಾಗುತ್ತದೆ ಅನ್ನಿಸಿತು. "ಮೇಕೆಯ ಹಿಂಭಾಗ ಬೇಕು," ಎಂದಳು ಅಷ್ಟೇ.

"ಏನು?"

"ಬಟ್ಟೆ ಅಲ್ಲಾಡಿದ್ರೆ ಸಂದಿಯಲ್ಲಿ ಮೇಕೆಯ ಬೆನ್ನು ಕಾಣಬೇಕು. ನೀನು ಮುಂದಿನ ಅರ್ಧ ಮಾತ್ರ ಬರೆದಿದ್ದೀಯ. ಈಗ ನೋಡಿದ್ರೆ ಅರ್ಧ ಮೇಕೆ ಆಮೇಲೆ ತೂತು. ನಾನು ಬರೆದ್ರೆ ಅದು ನಾಯಿ ಆಗತ್ತೆ."

"ಕ್ಯಾಮೆರಾ?" ಎಂದಳು ಅಕ್ಕ.

"ನಿಲ್ಲಿಸಿದ್ದೀನಿ."

ಅಕ್ಕ ಬಣ್ಣದ ಡಬ್ಬಿ, ಅದೇ ಜಾತಿಯ ಕಾಗದ ಹಿಡಿದು ಬಂದಳು. ಬಂದವಳೇ ತಂಗಿಯ ಮುಖ ನೋಡದೆ ಪರದೆಯ ಮುಂದೆ ಕೂತಳು. ಸಂತೆ ಓಡಿತು. ಕೂತಲ್ಲಿಂದಲೇ ಅಮ್ಮ ಶುರುಮಾಡಿದರು: "ಬಂದೆಯಾ? ನೋಡು, ನಿನ್ನ ಸಂತೆಯಲ್ಲಿ ಒಬ್ಬಳು ಕೆಂಪು ಸೆರಗಿನವಳು ಇದ್ದಾಳೆ, ಮಡಕೆ ತಟ್ಟಿ ನೋಡ್ತಾ ಇದ್ದಾಳೆ. ಮುಖ ಗೊತ್ತಾಗ್ತಿಲ್ಲ. ಸೊಂಟ ನೋಡಿದ್ರೆ ನಿಮ್ಮ ಸೋದರತ್ತೆ ಥರ ಇದಾಳಪ್ಪ."

ಅಕ್ಕ ತಿರುಗಿ ಅಮ್ಮನನ್ನು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ತಂಗಿ ಕೀಬೋರ್ಡಿನ ಧೂಳು ಒರೆಸುತ್ತಿದ್ದಳು.

"ಸೋದರತ್ತೆಯನ್ನೇ ನೋಡಿ ಬರೆದಿದ್ದು ಅಮ್ಮಾ," ಎಂದಳು ಅಕ್ಕ. "ಎಷ್ಟು ದಿನದಿಂದ ಕಾಣ್ತಿದೆ ನಿಂಗೆ?"

"ಇವತ್ತಿಂದ. ಇವಳು ಅಲ್ಲಾಡಿಸಿದ ಮೇಲೆ."

ಅಕ್ಕ ಬಣ್ಣದ ಡಬ್ಬಿ ಬಿಚ್ಚಿದಳು. ಕಿಟಕಿಯ ಕೆಳಗೆ ಬೆಳಕಿಗೆ ಕೂತು ಮೇಕೆಯ ಬೆನ್ನು, ಬಾಲ, ಹಿಂಗಾಲುಗಳನ್ನು ಬರೆದಳು. ಒಂದು ಕಾಲು ಸ್ವಲ್ಪ ಎತ್ತಿಕೊಂಡ ಹಾಗೆ ಇತ್ತು. "ಟೋಪಿ ತಿನ್ನೋವಾಗ ಓಡೋಕೆ ತಯಾರಾಗಿರತ್ತೆ," ಎಂದು ತಾನಾಗಿಯೇ ವಿವರಿಸಿದಳು. ಬಣ್ಣ ಒಣಗುವವರೆಗೂ ಅಮ್ಮನ ಪಕ್ಕ ಕೂತು ಬಟಾಣಿ ಸುಲಿದಳು. ಆಮೇಲೆ ತಂಗಿ ಸ್ಕ್ಯಾನ್ ಮಾಡಿ ಎರಡು ಅರ್ಧಗಳನ್ನು ಕೂಡಿಸಿ ಬಟ್ಟೆಯ ಹಿಂದಿಟ್ಟಳು. ಗಾಳಿ ಬಂದಾಗ ಬೆನ್ನಿನ ಕಂದು ಬಣ್ಣ ಮಿಂಚಿ ಮಾಯವಾಗುತ್ತಿತ್ತು.

"ಎಷ್ಟು ಹೊತ್ತು ನಿಲ್ಲಿಸ್ತೀಯಾ?" ಅಕ್ಕ ಕೇಳಿದಳು.

"ಇಪ್ಪತ್ತು ಸೆಕೆಂಡು ಅಂದ್ಕೊಂಡಿದ್ದೆ."

"ನಲವತ್ತು."

"ಅಯ್ಯೋ, ಅಷ್ಟೊತ್ತಿಗೆ ಮಕ್ಕಳು ಎದ್ದು ಮನೆಗೆ ಹೋಗಿರ್ತಾರೆ!"

ಜಗಳ ಮತ್ತೆ ಶುರುವಾಯಿತು. ಆದರೆ ಈ ಸಲ ಸದ್ದಣ್ಣ ಬಾಗಿಲು ಹಾಕಿಕೊಳ್ಳಲಿಲ್ಲ. "ಮೂವತ್ತು ಮಾಡಿ. ಗಂಟೆ ಮೂರು ಸಲ ಕೊಡ್ತೀನಿ, ಮೂರನೇದು ಚೂರು ಜೋರು," ಎಂದು ನಡುವೆ ಬಾಯಿಹಾಕಿದ. ಆತ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನೋಡಿ ಇಬ್ಬರೂ ಒಪ್ಪಿಕೊಂಡರು.

ಮೊದಲ ಪ್ರದರ್ಶನ ಮಕ್ಕಳ ಗ್ರಂಥಾಲಯದ ಓದುವ ಕೋಣೆಯಲ್ಲಿ. ಕುರ್ಚಿ ಸರಿಸಿ ಚಾಪೆ ಹಾಸಿದ್ದರು. ಕಿಟಕಿಗಳಿಗೆ ದಪ್ಪ ಬಟ್ಟೆ ಇಳಿಬಿಟ್ಟಿದ್ದರೂ ಮಧ್ಯಾಹ್ನದ ಬೆಳಕು ಅಂಚುಗಳಿಂದ ಒಳಗೆ ಬರುತ್ತಿತ್ತು. ಸದ್ದಣ್ಣ ಬಂದವನೇ ತಲೆ ಮೇಲೆ ಕೈಹೊತ್ತು ನಿಂತ. ಅಲ್ಲಿದ್ದದ್ದು ಒಂದೇ ಸ್ಪೀಕರು, ಅದೂ ಪರದೆಯ ಕೆಳಗೆ ನಡುವಿನಲ್ಲಿ. ಎಡ ಬಲ ಎಂದು ಆತ ಹೊಂದಿಸಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

"ಒಳ್ಳೇದೇ ಆಯ್ತು ಬಿಡಿ. ಕಿವಿ ದಾರಿ ತೋರಿಸದಿದ್ರೆ ಕಣ್ಣು ಹುಡುಕತ್ತೆ," ಎಂದಳು ಅಕ್ಕ.

"ನಿಮಗೇನು ಮೇಡಂ, ಹೇಳ್ತೀರಿ," ಎಂದು ಸದ್ದಣ್ಣ ಗೊಣಗಿದ.

ಪ್ರಕಾಶಕಿ ಮುಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂತಿದ್ದರು. ನಿಂತ ಕ್ಯಾಮೆರಾ ಅವರಿಗೆ ಹಿಡಿಸಿರಲಿಲ್ಲ, ಹಳೆಯದೇ ಚೆನ್ನಾಗಿತ್ತೆಂದು ಎರಡು ಸಲ ಹೇಳಿದ್ದರು. ಕಥೆ ಶುರುವಾಯಿತು. ಮೇಕೆ ಹಗ್ಗ ಬಿಚ್ಚಿಕೊಂಡು ಓಡಿದಾಗ ಮಕ್ಕಳು ನಕ್ಕರು. ಸಂತೆಯ ಪುಟ ಬಂತು. ಹುಡುಗಿಯ ಗುಳ್ಳೆಯಲ್ಲಿ 'ಎಲ್ಲಿ ಹೋದೆ?' ಎಂಬ ಮಾತು ಮೂಡಿ ಮಾಯವಾಯಿತು. ಕ್ಯಾಮೆರಾ ನಿಂತಿತು.

ಒಂದು ಗಳಿಗೆ ಏನೂ ಆಗಲಿಲ್ಲ. ಹಿಂದೆ ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಗ್ರಂಥಾಲಯದವರು ಎದ್ದು ವೈರು ಹಿಡಿದು ಜಗ್ಗತೊಡಗಿದರು. ತಂಗಿ ಓಡಿಹೋಗಿ ಅವರ ಕೈ ಹಿಡಿದಳು. "ಕೆಟ್ಟಿಲ್ಲ ಸಾರ್, ನಿಂತಿರೋದೇ ಹಾಗೆ! ಹೊಗೆ ನೋಡಿ, ಹೊಗೆ!"

ಅಷ್ಟರಲ್ಲಿ ಗಂಟೆ ಟಿಣ್ ಎಂದಿತು.

"ಇಲ್ಲೇ ಇದೆ!" ಎಂದು ಯಾರೋ ಕೂಗಿದರು. "ಎಲ್ಲಿ?" "ಬುಟ್ಟಿಯಲ್ಲಿ!" "ಅದು ಮೇಕೆ ಅಲ್ವೋ, ಕುಂಬಳಕಾಯಿ!" ಅರ್ಧದಷ್ಟು ಮಕ್ಕಳು ಎದ್ದು ನಿಂತಿದ್ದರು, ಉಳಿದರ್ಧ 'ಕೂತ್ಕೊಳ್ಳಿ' ಎಂದು ಅವರನ್ನು ಜಗ್ಗುತ್ತಿದ್ದರು. ಎರಡನೆಯ ಗಂಟೆಗೆ ಪ್ರಕಾಶಕಿಯೇ ಮಂಡಿಯೂರಿ ಕುತ್ತಿಗೆ ಚಾಚಿದ್ದರು. ಎರಡು ಜಡೆಯ ಒಬ್ಬಳು ಪುಟ್ಟಿ ಯಾರ ಮಾತೂ ಕೇಳದೆ ಪರದೆಯ ಹತ್ತಿರಕ್ಕೆ ನಡೆದು ಹೋದಳು. ಅವಳ ನೆರಳು ಕ್ಷೌರದವನ ಮೇಲೆ ಬಿತ್ತು, ಛತ್ರಿಯವನ ಮೇಲೆ ಬಿತ್ತು. ಹಳದಿ ಬಟ್ಟೆ ಹಾರಿತು. ಪುಟ್ಟಿ ಎರಡೂ ಕೈಯಲ್ಲಿ ಮೇಕೆಯ ಬೆನ್ನನ್ನು ಪರದೆಗೆ ಒತ್ತಿ ಹಿಡಿದು, "ಸಿಕ್ತು! ಟೋಪಿ ತಿಂತಾ ಇದೆ!" ಎಂದು ಕಿರುಚಿದಳು. ಇಡೀ ಕೋಣೆ ಹೋ ಎಂದಿತು. ಸದ್ದಣ್ಣನ ಮೂರನೆಯ ಜೋರು ಗಂಟೆ ಯಾರಿಗೂ ಕೇಳಿಸಲೇ ಇಲ್ಲ.

ತಂಗಿ ಅಕ್ಕನನ್ನು ಹುಡುಕಿದಳು. ಅಕ್ಕ ಹಿಂದಿನ ಗೋಡೆಗೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

ಎಲ್ಲವೂ ಅವರಿಷ್ಟದಂತೆಯೇ ಆಯಿತೆಂದಲ್ಲ. ಮೊಬೈಲಿಗೆ ಬೇರೆ ಪ್ರತಿ ಮಾಡಿಕೊಡಬೇಕೆಂದು ಪ್ರಕಾಶಕಿ ಹಟ ಹಿಡಿದರು. ಅಂಗೈಯಗಲದ ಪರದೆಯಲ್ಲಿ ಮೇಕೆ ಇರುವೆಯಷ್ಟು ಕಾಣುತ್ತದೆ, ಹುಡುಕಿ ಎಂದರೆ ಯಾರು ಹುಡುಕುತ್ತಾರೆ ಎಂಬ ಅವರ ಮಾತನ್ನು ಅಕ್ಕನೂ ಒಪ್ಪಬೇಕಾಯಿತು. ತಂಗಿ ಆ ಪ್ರತಿಯಲ್ಲಿ ಸಂತೆಯನ್ನು ಮೂರು ತುಂಡಾಗಿ ತೋರಿಸಿ, ಒಂದೊಂದರಲ್ಲೂ ಚೂರು ನಿಂತು ಮುಂದೆ ಹೋಗುವಂತೆ ಮಾಡಿದಳು. ಅಕ್ಕ ಮೂಗು ಮುರಿದಳು, ಆದರೆ ಹೆಸರು ತೆಗೆ ಎನ್ನಲಿಲ್ಲ.

ವಾರ ಕಳೆದ ಮೇಲೆ ಅವಳು ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಹಳೆಯ ಪುಸ್ತಕವೊಂದರ ಮೂಲ ಚಿತ್ರಗಳಿದ್ದವು. ಅಮ್ಮನ ಕಣ್ಣು ಮಂಜಾದ ಹೊಸತರಲ್ಲಿ ಬರೆದದ್ದು, ನದಿ ದಾಟುವ ದೋಣಿಯವನ ಕಥೆ.

"ಪ್ರಕಾಶಕರು ಕೇಳಿದ್ರಾ?" ಎಂದಳು ತಂಗಿ.

"ಇಲ್ಲ. ಅಮ್ಮ ಇದನ್ನ ನೋಡಿಲ್ಲ."

ಬೆತ್ತದ ಕುರ್ಚಿಯಲ್ಲಿ ಅಮ್ಮ ತೂಕಡಿಸುತ್ತಿದ್ದರು. ಕೆಳಗೆ ಸೈಕಲ್ ರಿಪೇರಿಯವನು ಯಾವುದೋ ಚಕ್ರಕ್ಕೆ ಬಡಿಯುತ್ತಿದ್ದ. ತಂಗಿ ಮೊದಲ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದಳು. ದೋಣಿ ಪುಟದ ತುಂಬ ಕೂತಿತ್ತು. ಹಿಂದೆ ನೀರಿಗೆ ಜಾಗವೇ ಇರಲಿಲ್ಲ.

"ದೋಣಿ ಎತ್ತಿದ್ರೆ ನದಿನೇ ಇಲ್ವಲ್ಲೇ ಇಲ್ಲಿ," ಎಂದಳು.

"ಗೊತ್ತು," ಎಂದು ಅಕ್ಕ ಕಿಟಕಿಯ ಕೆಳಗೆ ಕೂತು ಬಣ್ಣದ ಡಬ್ಬಿ ತೆರೆದಳು. "ನದಿ ಬೇರೆ, ದಡ ಬೇರೆ, ಮೋಡ ಬೇರೆ ಬರ್ಕೊಡ್ತೀನಿ. ಎಷ್ಟು ಅಗಲ ಬೇಕು ಹೇಳು."